ಸಂತೇಬೆನ್ನೂರಿನ ಪುಷ್ಕರಣಿಯಲ್ಲಿ ಕಲ್ಲನ್ನು ಓದುವ ಬಗೆ

ಶ್ರೀಮಠಕ್ಕೆ ಬರುವ ಭಕ್ತರ ಕುಟುಂಬಗಳು ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನ ಪುಷ್ಕರಣಿಯನ್ನು ನೋಡಲು ಹೊರಟಾಗ ನಾವೂ ಜೊತೆಗೂಡಿ ಅಲ್ಲಿನ ಕಟ್ಟಡ ಹಾಗೂ ಶಿಲ್ಪದ ವಿಚಾರವಾಗಿ ಒಂದಿಷ್ಟು ವಿವರಣೆ ನೀಡುವುದುಂಟು. ಅಲ್ಲಿ ಆಡುವ ಮಾತುಗಳನ್ನು ಬರೆಹದಲ್ಲಿ ಕೊಟ್ಟರೆ ಮಕ್ಕಳಿಗೆ ಮನೆಯಲ್ಲಿ ಓದಿ ಹೇಳಲು ಅನುಕೂಲವಾಗುವುದೆಂದು ಹಲವರು ಕೇಳಿದ್ದಾರೆ. ಅದರಂತೆ ಈ ಲೇಖನ.

ಹದಿನಾರನೆಯ ಶತಮಾನದಲ್ಲಿ ಸಂತೇಬೆನ್ನೂರನ್ನು ಆಳಿದ ಪಾಳೆಯಗಾರ ಮನೆತನದವರು ಕಟ್ಟಿಸಿದ ಹೊಂಡವಿದು. ಹನುಮಪ್ಪ ನಾಯಕನ ಹೆಸರು ಇದರೊಡನೆ ಸೇರಿಕೊಂಡಿದೆ. ನಾಲ್ಕೂ ಕಡೆ ಕಲ್ಲಿನ ಸೋಪಾನಗಳು, ನೀರಿನ ನಡುವೆ ವಸಂತ ಮಂಟಪ, ಸುತ್ತಲೂ ಕಿರುಮಂಟಪಗಳು, ದಂಡೆಯ ಮೇಲೆ ಮುಸಾಫಿರಖಾನೆ ಎಂದು ಕರೆಯುವ ಉದ್ದನೆಯ ಕಟ್ಟಡ. ಇಷ್ಟು ಅಲ್ಲಿ ಕಾಣುವುದು. ಬಿಜಾಪುರದ ಆದಿಲಶಾಹಿ ಸೇನಾನಿ ರಣದುಲ್ಲಾ ಖಾನನ ಕಾಲದ ನೆನಪು ಮುಸಾಫಿರಖಾನೆಗೆ ಅಂಟಿಕೊಂಡಿದೆ. ಹೊಂಡವೂ ಮುಸಾಫಿರಖಾನೆಯೂ ಇಂದು ಕೇಂದ್ರ ಸರ್ಕಾರದ ಪುರಾತತ್ತ್ವ ಇಲಾಖೆಯ ಸಂರಕ್ಷಣೆಯಲ್ಲಿವೆ.

ಸೋಪಾನದ ಮೇಲೆ ನಿಂತು ಎರಡು ನಿಮಿಷ ಕಳೆಯುವುದರೊಳಗೆ ಯಾವುದಾದರೊಂದು ಮಗು ಕೇಳಿಯೇ ಕೇಳುತ್ತದೆ: “ಸರ್, ಬೇಲೂರಿನಲ್ಲಿ ಇರುವಂಥ ಗೊಂಬೆಗಳು ಇಲ್ಲಿ ಯಾಕಿಲ್ಲ?” ಹಿರಿಯರ ಮನಸ್ಸಿನಲ್ಲೂ ಅದೇ ಪ್ರಶ್ನೆ ಇರುತ್ತದೆ, ಕೇಳಲು ಸಂಕೋಚ ಅಷ್ಟೆ. ಪಾಳೆಯಗಾರನ ಬಳಿ ಹಣವಿರಲಿಲ್ಲ, ಆ ಕಾಲದ ಶಿಲ್ಪಿಗಳಿಗೆ ಕೈಚಳಕವಿರಲಿಲ್ಲ ಎಂದು ತಾವೇ ಉತ್ತರ ಹೇಳಿಕೊಳ್ಳುವವರೂ ಇದ್ದಾರೆ. ನಿಜವಾದ ಉತ್ತರ ಕಾಲ ಕೆಳಗಿನ ಕಲ್ಲಿನಲ್ಲೇ ಇದೆ. ನಮ್ಮ ವಿವರಣೆಯೆಲ್ಲ ಈ ಒಂದು ಪ್ರಶ್ನೆಯನ್ನು ಹಿಡಿದೇ ಸಾಗುತ್ತದೆ.

ಎರಡು ಕಲ್ಲು, ಎರಡು ಕೈಗಾರಿಕೆ

ಇದೇ ಜಿಲ್ಲೆಯ ಹರಿಹರದಲ್ಲಿ ಹರಿಹರೇಶ್ವರ ದೇವಾಲಯವಿದೆ. ಹೊಯ್ಸಳ ದೊರೆ ಎರಡನೆಯ ವೀರನರಸಿಂಹನ ದಂಡನಾಯಕನಾಗಿದ್ದ ಪೋಲಾಳ್ವನು 1224ರ ಸುಮಾರಿಗೆ ಅದನ್ನು ಕಟ್ಟಿಸಿದನು. ಸಂತೇಬೆನ್ನೂರಿಗೆ ಬರುವವರಲ್ಲಿ ಬಹುಮಂದಿ ಹರಿಹರವನ್ನು ನೋಡಿಯೇ ಇರುತ್ತಾರೆ. ಆದ್ದರಿಂದ ಹೋಲಿಕೆಗೆ ಅದನ್ನೇ ತೆಗೆದುಕೊಳ್ಳುತ್ತೇವೆ. ಹೊಯ್ಸಳರ ಕಾಲದ ಶಿಲ್ಪಿಗಳು ಬಳಸಿದ್ದು ಬಳಪದ ಕಲ್ಲು. ಇಲ್ಲಿ ಸೋಪಾನಗಳಿಗೆ ಬಳಸಿರುವುದು ಕಣಶಿಲೆ, ಅಂದರೆ ನಾವು ಗ್ರಾನೈಟ್ ಎನ್ನುವ ಕಲ್ಲು.

ಬಳಪದ ಕಲ್ಲಿನಲ್ಲಿ ಮುಖ್ಯವಾಗಿರುವುದು ಟಾಲ್ಕ್ ಎಂಬ ಖನಿಜ. ಖನಿಜಗಳ ಗಡಸುತನವನ್ನು 1ರಿಂದ 10ರವರೆಗಿನ ಅಳತೆಯಲ್ಲಿ ಹೇಳುವ ರೂಢಿಯಿದೆ. ಅದರಲ್ಲಿ ಟಾಲ್ಕ್‌ನ ಸ್ಥಾನ 1, ಅಂದರೆ ಎಲ್ಲಕ್ಕಿಂತ ಮೆತುವು. ನಮ್ಮ ಉಗುರಿನ ಗಡಸುತನ ಎರಡೂವರೆ. ಕಣಶಿಲೆಯಲ್ಲಿರುವ ಬೆಣಚಿನ ಗಡಸುತನ 7, ಅದರ ಜೊತೆಗಿರುವ ಫೆಲ್ಡ್‌ಸ್ಪಾರ್‌ನದು 6. ಕಬ್ಬಿಣದ ಉಳಿಯ ಗಡಸುತನ ಬೆಣಚಿಗಿಂತ ಕಡಿಮೆ.

ಇದರ ಪರಿಣಾಮವನ್ನು ಮಕ್ಕಳಿಗೆ ಹೀಗೆ ಹೇಳುತ್ತೇವೆ. ಸೋಪಿನ ಮೇಲೆ ಚಾಕು ಹಿಡಿದರೆ ಚಾಕು ಕೊರೆಯುತ್ತದೆ. ಬೇಕಾದಷ್ಟು ಸಣ್ಣ ಗೆರೆ ಎಳೆಯಬಹುದು. ಕಲ್ಲುಸಕ್ಕರೆಯ ಮೇಲೆ ಅದೇ ಚಾಕು ಹಿಡಿದರೆ ಕೊರೆಯುವುದಿಲ್ಲ. ಕುಟ್ಟಿದರೆ ಹರಳು ಹರಳಾಗಿ ಸಿಡಿಯುತ್ತದೆ. ಬಳಪದ ಕಲ್ಲನ್ನು ಉಳಿ ಕೊರೆಯುತ್ತದೆ. ಕಣಶಿಲೆಯನ್ನು ಉಳಿ ಕೊರೆಯಲಾರದು. ಪೆಟ್ಟಿನಿಂದ ಪೆಟ್ಟಿಗೆ ಹರಳುಗಳನ್ನು ಪುಡಿಮಾಡಿ ಎಬ್ಬಿಸುತ್ತದೆ. ಒಂದು ಹರಳಿಗಿಂತ ಚಿಕ್ಕದಾದ ಗೆರೆಯನ್ನು ಆ ಕಲ್ಲಿನಲ್ಲಿ ಚೊಕ್ಕವಾಗಿ ಮೂಡಿಸುವುದು ಆಗದ ಮಾತು. ಬಳೆಯ ಮೇಲಿನ ಮುತ್ತು, ಹಾರದ ಎಳೆ, ಬೆರಳಿನ ಉಗುರು ಇವೆಲ್ಲ ಬಳಪದ ಕಲ್ಲಿನಲ್ಲಿ ಸಾಧ್ಯ. ಕಣಶಿಲೆಯಲ್ಲಿ ತೆಗೆಯಹೊರಟರೆ ಪಕ್ಕದ ಹರಳೂ ಸಿಡಿದು ಬೆರಳೇ ಹೋಗುತ್ತದೆ.

ಕಲ್ಲಿನ ಈ ಗುಣವೇ ಶೈಲಿಯನ್ನೂ ಒಂದು ಮಟ್ಟಿಗೆ ನಿರ್ಧರಿಸಿತು. ಹೊಯ್ಸಳ ಶಿಲ್ಪಿ ಆಭರಣವನ್ನು ಹೆಚ್ಚಿಸುತ್ತ ಹೋದನು. ಮೂರ್ತಿಯನ್ನು ಹಿನ್ನೆಲೆಯ ಕಲ್ಲಿನಿಂದ ಬಹುಪಾಲು ಬಿಡಿಸಿ ನೆರಳು ಬೀಳುವಂತೆ ಆಳವಾಗಿ ಕೊರೆದನು. ವಿಜಯನಗರ ಕಾಲದ ಮತ್ತು ಆಮೇಲಿನ ನಾಯಕರ ಕಾಲದ ಶಿಲ್ಪಿ ಕಣಶಿಲೆಯೊಡನೆ ಕೆಲಸ ಮಾಡಿದನು. ಅವನ ಮೂರ್ತಿಗಳಲ್ಲಿ ಗೆರೆ ಕಡಿಮೆ, ಮೈಕಟ್ಟು ದೊಡ್ಡದು. ದೂರದಿಂದಲೇ ಆಕಾರ ಗುರುತಾಗುವಂತೆ ಉಬ್ಬಿಸುವುದು ಅವನ ರೀತಿ. ಹಂಪಿಯ ಕಂಬಗಳನ್ನು ನೋಡಿದವರಿಗೆ ಇದು ತಿಳಿದೀತು. ಇದು ಕೈಚಳಕದ ಕೊರತೆಯಲ್ಲ. ಗಡಸು ಕಲ್ಲಿನ ಮುಂದೆ ಕುಳಿತ ಕಲ್ಲುಕುಟಿಗನು ಯಾವುದನ್ನು ಬಿಡಬೇಕೆಂದು ಅರಿತು ಬಿಟ್ಟದ್ದು.

ಇನ್ನೊಂದು ಗುರುತು ಕಂಬಗಳಲ್ಲಿದೆ. ಹರಿಹರದ ಮಂಟಪದಲ್ಲಿ ನಿಂತು ಕಂಬವನ್ನು ಕೆಳಗಿನಿಂದ ಮೇಲಕ್ಕೆ ನೋಡಿದರೆ ಗಂಟೆಯ ಆಕಾರ, ಬಟ್ಟಲಿನ ಆಕಾರ, ತೆಳುವಾದ ಬಳೆಗಳು ಒಂದರ ಮೇಲೊಂದು ಕಾಣುತ್ತವೆ. ಮಡಕೆಯಂತೆ ಅಷ್ಟು ಸಮನಾದ ದುಂಡು ಬರಲು ಕಾರಣ, ಕಂಬವನ್ನು ತಿರುಗಿಸುತ್ತ ಉಳಿ ಹಿಡಿದು ಕಡೆದಿರುವುದು. ಮೆತುವಾದ ಕಲ್ಲು ಮಾತ್ರ ಈ ಕೆಲಸಕ್ಕೆ ಒಗ್ಗುತ್ತದೆ. ಕಣಶಿಲೆಯ ಕಂಬಗಳು ಸಾಮಾನ್ಯವಾಗಿ ಚೌಕ, ಎಂಟು ಮೂಲೆ, ಹದಿನಾರು ಮೂಲೆಗಳಲ್ಲೇ ನಿಲ್ಲುತ್ತವೆ. ಸಮತಟ್ಟಾದ ಮುಖಗಳನ್ನು ದಾರ ಹಿಡಿದು ಗೆರೆ ಹಾಕಿ ಕುಟ್ಟಿ ತೆಗೆಯುವುದು ಗಡಸು ಕಲ್ಲಿಗೆ ಹೊಂದುವ ಕ್ರಮ.

ಶಿಲ್ಪಿಗಳು ಹೆಸರಿಲ್ಲದವರೆಂದು ನಾವು ತಿಳಿಯಬೇಕಾಗಿಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ದೇವಾಲಯದಲ್ಲಿ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಕೆಲಸದ ಕೆಳಗೆ ಹೆಸರು ಕೊರೆದಿದ್ದಾರೆ. ಅವರ ಊರು ಬಳ್ಳಿಗಾವೆ. ಅಲ್ಲಮಪ್ರಭುಗಳ ಹುಟ್ಟೂರೆಂದು ನಾವೆಲ್ಲ ಬಲ್ಲ ಊರೇ ಅದು. ಇಂದು ನಾವು ಪ್ರವಾಸ ಹೋಗಿ ನೋಡುವ ಬೇಲೂರಿನ ಕುಸುರಿಯಲ್ಲಿ ಒಂದು ಪಾಲು ನಮ್ಮ ನೆರೆಯ ಜಿಲ್ಲೆಯವರ ಕಾಯಕ.

ಒಂದು ಮೆಟ್ಟಿಲುಗಲ್ಲಿನ ಲೆಕ್ಕ

ಕೊರೆಯಲು ಒಗ್ಗದ ಈ ಕಲ್ಲನ್ನು ಬಂಡೆಯಿಂದ ಬಿಡಿಸಿದ್ದಾದರೂ ಹೇಗೆ ಎಂಬುದು ಮುಂದಿನ ಪ್ರಶ್ನೆ. ಕಣಶಿಲೆಯನ್ನು ಕತ್ತರಿಸುವುದಿಲ್ಲ, ಸೀಳುತ್ತಾರೆ. ಬಂಡೆಯ ಮೇಲೆ ದಾರದಿಂದ ಗೆರೆ ಹಾಕಿ, ಆ ಗೆರೆಯುದ್ದಕ್ಕೂ ಗೇಣಿಗೊಂದರಂತೆಯೋ ಅದಕ್ಕಿಂತ ಹತ್ತಿರವಾಗಿಯೋ ಸಣ್ಣ ಗುಳಿಗಳನ್ನು ತೋಡುತ್ತಾರೆ. ಪ್ರತಿ ಗುಳಿಗೂ ಒಂದೊಂದು ಬೆಣೆ ಇಟ್ಟು, ಮೊದಲಿನಿಂದ ಕೊನೆಯವರೆಗೆ ಸಾಲಾಗಿ ಒಂದೊಂದೇ ಪೆಟ್ಟು ಕೊಡುತ್ತ ಬರುತ್ತಾರೆ, ಮತ್ತೆ ಮೊದಲಿನಿಂದ. ಒಂದೇ ಬೆಣೆಗೆ ಹೆಚ್ಚು ಪೆಟ್ಟು ಬಿದ್ದರೆ ಬಿರುಕು ಗೆರೆಯನ್ನು ಬಿಟ್ಟು ಓರೆಯಾಗಿ ಓಡುತ್ತದೆ, ಕಲ್ಲು ಕೆಡುತ್ತದೆ. ಎಲ್ಲ ಬೆಣೆಗಳೂ ಸಮನಾಗಿ ಬಿಗಿಯಾದಾಗ ಬಂಡೆ ಗೆರೆಯುದ್ದಕ್ಕೂ ಬಾಯಿ ಬಿಡುತ್ತದೆ. ಕಲ್ಲುಕುಟಿಗರು ಕಿವಿಯಿಂದಲೇ ಇದನ್ನು ಅಳೆಯುತ್ತಾರೆ: ಬೆಣೆಯ ನಾದ ಬದಲಾಗುವುದೇ ಕಲ್ಲು ಸೀಳಲು ಸಿದ್ಧವಾಗಿದೆ ಎಂಬ ಸೂಚನೆ.

ಹೀಗೆ ಸೀಳಿದ ಕಲ್ಲಿನ ಅಂಚಿನಲ್ಲಿ ಆ ಗುಳಿಗಳ ಅರ್ಧಭಾಗ ಹಲ್ಲಿನ ಸಾಲಿನಂತೆ ಉಳಿದುಬಿಡುತ್ತದೆ. ಹಳೆಯ ಕಣಶಿಲೆಯ ಕಟ್ಟಡಕ್ಕೆ ಹೋದಾಗ, ಕಣ್ಣಿಗೆ ಬೀಳುವ ಮುಖವನ್ನು ಬಿಟ್ಟು ಕಲ್ಲಿನ ಅಂಚನ್ನೂ ಹಿಂಬದಿಯನ್ನೂ ನೋಡಿರೆಂದು ಮಕ್ಕಳಿಗೆ ಹೇಳುತ್ತೇವೆ. ಮುಖವನ್ನು ನಯ ಮಾಡಿರುತ್ತಾರೆ. ಯಾರೂ ನೋಡದ ಕಡೆ ಗುಳಿಗಳ ಸಾಲು ಹಾಗೆಯೇ ಉಳಿದಿರುತ್ತದೆ. ಗುಳಿ ಚಪ್ಪಟೆಯಾಗಿದ್ದರೆ ಕೈಯಿಂದ ತೋಡಿದ್ದು. ಉದ್ದನೆಯ ದುಂಡು ಕೊಳವೆಯ ಗುರುತಿದ್ದರೆ ಯಂತ್ರದಿಂದ ಕೊರೆದದ್ದು. ಆ ಕಲ್ಲು ಈಚಿನ ದುರಸ್ತಿಯಲ್ಲಿ ಸೇರಿದ್ದೆಂದು ತಿಳಿಯಬಹುದು.

ಆಮೇಲೆ ಒಂದು ಲೆಕ್ಕ ಮಾಡಿಸುತ್ತೇವೆ. ಐದು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದು ಅಡಿ ದಪ್ಪದ ಒಂದು ಕಲ್ಲು ಇದೆಯೆಂದು ಇಟ್ಟುಕೊಳ್ಳೋಣ. ಅದರ ಗಾತ್ರ ಏಳೂವರೆ ಘನ ಅಡಿ. ಒಂದು ಘನ ಅಡಿ ಕಣಶಿಲೆಯ ತೂಕ ಸುಮಾರು 75 ಕಿಲೋ. ಗುಣಿಸಿದರೆ 560 ಕಿಲೋಗಿಂತ ತುಸು ಹೆಚ್ಚು, ಅಂದರೆ ಐದೂವರೆ ಕ್ವಿಂಟಲ್ ದಾಟಿತು. ಐವತ್ತು ಕಿಲೋದ ಹನ್ನೊಂದು ಅಕ್ಕಿ ಮೂಟೆಗಳನ್ನು ಒಂದೇ ಗಂಟಾಗಿ ಕಟ್ಟಿದಂತೆ. ಗಳಗಳಿಗೆ ಹಗ್ಗ ಕಟ್ಟಿ ಹೆಗಲ ಮೇಲೆ ಹೊರುವಾಗ ಒಬ್ಬನ ಪಾಲಿಗೆ ಮೂವತ್ತೈದು ಕಿಲೋ ಬರಬೇಕಾದರೂ ಹದಿನಾರು ಜನ ಬೇಕು. ಈ ಲೆಕ್ಕ ಮುಗಿಯುವಷ್ಟರಲ್ಲಿ ಮಕ್ಕಳು ತಾವಾಗಿಯೇ ಮೆಟ್ಟಿಲುಗಳನ್ನು ಎಣಿಸತೊಡಗುತ್ತಾರೆ.

ಹೊಂಡದಲ್ಲಿ ಒಂದು ಅನುಕೂಲವಿದೆ. ಗುಡಿಯ ಛಾವಣಿಗೆ ಕಲ್ಲನ್ನು ಏರಿಸಬೇಕು. ಅದಕ್ಕಾಗಿ ಮಣ್ಣಿನ ಇಳಿಜಾರು ಒಡ್ಡಿ, ಕಲ್ಲನ್ನು ಉರುಳುಮರಗಳ ಮೇಲೆ ಎಳೆದು, ಕೆಲಸ ಮುಗಿದ ಮೇಲೆ ಆ ಮಣ್ಣನ್ನೆಲ್ಲ ತೆಗೆಯಬೇಕು. ಹೊಂಡದಲ್ಲಿ ಕಲ್ಲು ಇಳಿಯುತ್ತದೆ. ಅಗೆದ ಇಳಿಜಾರಿನ ಮೇಲೆ ಹಗ್ಗದಿಂದ ತಡೆಹಿಡಿಯುತ್ತ ಜಾರಿಸಿ, ಹಾರೆಯಿಂದ ಮೀಟಿ ಕೂರಿಸಿದರಾಯಿತು. ಕಟ್ಟುವುದು ಮಾತ್ರ ತಳದಿಂದಲೇ, ಕೆಳಗಿನ ಸಾಲು ಮೊದಲು. ಮೇಲಿನ ಸಾಲಿನ ಕಲ್ಲು ಕೆಳಗಿನ ಸಾಲಿನ ಹಿಂಭಾಗದ ಮೇಲೆ ಏರಿ ಕೂರುತ್ತದೆ. ನಾವು ಹೆಜ್ಜೆಯಿಡುವ ಭಾಗ ಅದರ ಮುಂದೆ ಉಳಿದದ್ದು.

ಗಾರೆಯಿಲ್ಲದ ಸಂದು ಏಕೆ ಬೇಕು

ಸೋಪಾನವನ್ನು ನಾವು ಇಳಿಯುವ ದಾರಿಯೆಂದಷ್ಟೇ ಭಾವಿಸುತ್ತೇವೆ. ಕಟ್ಟಿದವನ ಕಣ್ಣಿಗೆ ಅದು ಮಣ್ಣನ್ನು ತಡೆಯುವ ಗೋಡೆ. ಆಳವಾಗಿ ಅಗೆದ ಕಡೆ ಸುತ್ತಲಿನ ಮಣ್ಣು ಒಳಕ್ಕೆ ದಬ್ಬುತ್ತಿರುತ್ತದೆ. ನೆಟ್ಟನೆಯ ಗೋಡೆ ಎಬ್ಬಿಸಿದರೆ ಆ ದಬ್ಬಿಗೆ ಅದು ಮುಂದಕ್ಕೆ ವಾಲುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಹಿಂದಕ್ಕೆ ಸರಿಸುತ್ತ ಕಟ್ಟಿದರೆ, ಪ್ರತಿ ಸಾಲಿನ ಭಾರವೂ ಹಿಂದಿನ ಮಣ್ಣಿನ ಮೇಲೆ ಒರಗುತ್ತದೆ, ಗೋಡೆ ತನ್ನ ತೂಕದಿಂದಲೇ ಮಣ್ಣನ್ನು ಹಿಡಿಯುತ್ತದೆ.

ಮಣ್ಣಿಗಿಂತ ಅಪಾಯಕಾರಿ ಮಣ್ಣಿನೊಳಗಿನ ನೀರು. ಮಳೆಗಾಲದಲ್ಲಿ ಸುತ್ತಲಿನ ನೆಲ ನೀರು ಕುಡಿದು ಭಾರವಾಗುತ್ತದೆ. ಬೇಸಗೆಯಲ್ಲಿ ಹೊಂಡದ ನೀರು ಇಳಿದಾಗ ಹಿಂದಿನ ಮಣ್ಣಿನಲ್ಲಿ ಇನ್ನೂ ನೀರಿದ್ದು, ಎದುರಿನಿಂದ ತಡೆಯುವ ನೀರು ಇರುವುದಿಲ್ಲ. ಅಂಥ ಹೊತ್ತಿನಲ್ಲಿ ಕಲ್ಲಿನ ಸಂದುಗಳು ತೆರೆದಿದ್ದರೆ ಹಿಂದಿನ ನೀರು ಜಿನುಗಿ ಹೊಂಡಕ್ಕೆ ಬಂದುಬಿಡುತ್ತದೆ. ಇಂಥ ಸೋಪಾನಗಳಲ್ಲಿ ಕಲ್ಲಿಗೆ ಕಲ್ಲು ಒತ್ತಿ ಕೂರಿಸಿ ಗಾರೆ ಬಿಟ್ಟಿರುವುದರ ಪ್ರಯೋಜನ ಇದೇ.

ಹಿರಿಯರೊಬ್ಬರು ಒಮ್ಮೆ, “ಈ ಸಂದುಗಳಿಗೆಲ್ಲ ಸಿಮೆಂಟು ತುಂಬಿಸಿದರೆ ಗಟ್ಟಿಯಾಗುವುದಿಲ್ಲವೇ?” ಎಂದು ಕೇಳಿದರು. ಊರಿನ ಕಲ್ಯಾಣಿಯನ್ನು ದುರಸ್ತಿ ಮಾಡಿಸಬೇಕೆಂಬ ಸದುದ್ದೇಶ ಅವರದು. ಸಂದು ಮುಚ್ಚಿದರೆ ನೀರಿಗೆ ಹೊರಬರಲು ದಾರಿಯಿಲ್ಲ. ಅದು ಗೋಡೆಯ ಹಿಂದೆ ನಿಂತು ಕಲ್ಲನ್ನು ಮುಂದಕ್ಕೆ ದಬ್ಬುತ್ತದೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಸಾಲಿನ ನಡುಭಾಗ ಹೊಟ್ಟೆ ಬಂದಂತೆ ಉಬ್ಬುತ್ತದೆ, ಆಮೇಲೆ ಒಂದು ದಿನ ಕುಸಿಯುತ್ತದೆ. ಮೆಟ್ಟಿಲ ಸಾಲಿನ ಒಂದು ತುದಿಯಲ್ಲಿ ಕಣ್ಣಿಟ್ಟು ಇನ್ನೊಂದು ತುದಿಯವರೆಗೆ ನೋಡಿದರೆ ಈ ಉಬ್ಬು ಮೊದಲೇ ಕಾಣುತ್ತದೆ: ನೇರವಾಗಿರಬೇಕಾದ ಅಂಚು ಬಿಲ್ಲಿನಂತೆ ಬಾಗಿರುತ್ತದೆ. ಇನ್ನೊಂದು ಶತ್ರು ಅರಳಿ, ಆಲದ ಸಸಿಗಳು. ಹಕ್ಕಿ ಹಾಕಿದ ಬೀಜ ಸಂದಿನಲ್ಲಿ ಮೊಳೆತಾಗ ಕೈಯಲ್ಲೇ ಕಿತ್ತುಬಿಡಬಹುದು. ಬೇರು ಬೆರಳುಗಾತ್ರವಾದ ಮೇಲೆ ಎಳೆದರೆ ಕಲ್ಲೇ ಸಡಿಲಾಗುತ್ತದೆ. ತಮ್ಮ ಊರುಗಳಲ್ಲಿ ಹಳೆಯ ಕಲ್ಯಾಣಿ ಇರುವ ಭಕ್ತರು ಸಿಮೆಂಟಿನ ಮೂಟೆ ತರಿಸುವ ಮುನ್ನ ಈ ಎರಡು ಸಂಗತಿಗಳನ್ನು ನೋಡಬೇಕೆಂದು ಕೋರುತ್ತೇವೆ.

ನೀರಿನ ನಡುವಿನ ಮಂಟಪ

ಈಗ ಕಣ್ಣೆತ್ತಿ ವಸಂತ ಮಂಟಪವನ್ನು ನೋಡಬೇಕು. ಕಲ್ಲಿನ ಹೊಂಡದ ನಡುವೆ ಅದೊಂದು ಬೇರೆಯೇ ಬಗೆಯ ಕಟ್ಟಡ. ಕೆಳಗೆ ಕಮಾನಿನ ತೆರಪುಗಳು, ಮೇಲಕ್ಕೆ ಹೋದಂತೆ ಕಿರಿದಾಗುವ ಅಂತಸ್ತುಗಳು, ತುದಿಯಲ್ಲಿ ಶಿಖರ. ಮೈಯೆಲ್ಲ ಇಟ್ಟಿಗೆ ಮತ್ತು ಗಾರೆಯ ಕೆಲಸ. ಹಂಪಿಯ ಕಮಲ ಮಹಲನ್ನು ಕಂಡವರಿಗೆ ಇದು ಅದರ ನೆಂಟನೆಂದು ಥಟ್ಟನೆ ಹೊಳೆಯುತ್ತದೆ. ಅಲ್ಲಿಯೂ ಕಮಾನು ಸುಲ್ತಾನರ ನಾಡಿನ ರೀತಿಯದು, ಮೇಲಿನ ಅಂತಸ್ತು ಗುಡಿಯ ಶಿಖರದ ರೀತಿಯದು.

ಕಂಬದ ಮೇಲೆ ತೊಲೆ ಇಡುವ ನಮ್ಮ ಹಳೆಯ ಪದ್ಧತಿಯನ್ನು ಬಿಟ್ಟು ಇಲ್ಲಿ ಕಮಾನನ್ನೇಕೆ ತಂದರು? ಇದನ್ನು ಅರಿಯಲು ಕಲ್ಲಿನ ಒಂದು ದೌರ್ಬಲ್ಯವನ್ನು ತಿಳಿಯಬೇಕು. ಕಲ್ಲನ್ನು ಅದುಮಿದರೆ ಅದು ಅಪಾರ ಭಾರವನ್ನು ತಾಳುತ್ತದೆ, ಬಗ್ಗಿಸಿದರೆ ಮುರಿಯುತ್ತದೆ. ಬಾಗುವಿಕೆಯನ್ನು ತಾಳುವ ಅದರ ಶಕ್ತಿ, ಅದುಮುವಿಕೆಯನ್ನು ತಾಳುವ ಶಕ್ತಿಯ ಹತ್ತನೆಯ ಒಂದು ಪಾಲಿನಷ್ಟು ಅಥವಾ ಅದಕ್ಕೂ ಕಡಿಮೆ. ಎರಡು ಕಂಬಗಳ ಮೇಲೆ ಮಲಗಿದ ತೊಲೆಯ ತಳಭಾಗ ಸದಾ ಜಗ್ಗಿಸಿಕೊಳ್ಳುತ್ತಿರುತ್ತದೆ. ಆದ್ದರಿಂದಲೇ ಹಳೆಯ ಮಂಟಪಗಳಲ್ಲಿ ಕಂಬಗಳು ಅಷ್ಟು ಹತ್ತಿರ. ಕಂಬದ ತಲೆಯ ಮೇಲೆ ಎರಡೂ ಕಡೆ ಚಾಚಿದ ಬೋದಿಗೆ ಅಲಂಕಾರಕ್ಕೆ ಮಾತ್ರವಲ್ಲ. ತೊಲೆಯ ಬಯಲನ್ನು ಎರಡು ಬದಿಯಿಂದಲೂ ಒಂದೊಂದು ಗೇಣು ಕಡಿಮೆ ಮಾಡುವುದೇ ಅದರ ಕೆಲಸ. ಒಂಬತ್ತು ಅಡಿ ಉದ್ದ, ಒಂದೂವರೆ ಅಡಿ ಚೌಕದ ತೊಲೆಯೊಂದು ನಾವು ಮಾಡಿದ ಲೆಕ್ಕದಂತೆಯೇ ಹದಿನೈದು ಕ್ವಿಂಟಲ್ ತೂಗುತ್ತದೆ. ತನ್ನ ಭಾರದಿಂದಲೇ ಅದು ಬಾಗಲು ಹವಣಿಸುತ್ತಿರುತ್ತದೆ.

ಕಮಾನಿನಲ್ಲಿ ಬಾಗುವ ಭಾಗವೇ ಇಲ್ಲ. ಪ್ರತಿ ಇಟ್ಟಿಗೆಯೂ ಪಕ್ಕದ ಇಟ್ಟಿಗೆಯನ್ನು ಅದುಮುತ್ತ ಭಾರವನ್ನು ಕೆಳಕ್ಕೆ ದಾಟಿಸುತ್ತದೆ. ಹಾಗಾಗಿ ಕೈಯಲ್ಲಿ ಎತ್ತಬಹುದಾದ ಚಿಕ್ಕ ಚಿಕ್ಕ ಇಟ್ಟಿಗೆಗಳಿಂದಲೇ ಅಗಲವಾದ ಬಾಗಿಲನ್ನು ದಾಟಬಹುದು. ಹದಿನೈದು ಕ್ವಿಂಟಲಿನ ತೊಲೆಯನ್ನು ಹೊಂಡದ ನಡುವೆ ಸಾಗಿಸಿ ಮೇಲಕ್ಕೇರಿಸುವ ಕಷ್ಟವೂ ತಪ್ಪಿತು, ತಳಪಾಯದ ಮೇಲಿನ ಭಾರವೂ ತಗ್ಗಿತು. ಆದರೆ ಕಮಾನಿಗೂ ಒಂದು ಬೆಲೆಯಿದೆ: ಅದು ಸದಾ ತನ್ನ ಎರಡು ಕಾಲುಗಳನ್ನು ಹೊರಕ್ಕೆ ದಬ್ಬುತ್ತಿರುತ್ತದೆ. ಬದಿಯ ಗೋಡೆ ದಪ್ಪವಾಗಿರಬೇಕು, ಇಲ್ಲವೇ ಪಕ್ಕದಲ್ಲಿ ಇನ್ನೊಂದು ಕಮಾನು ಎದುರು ದಬ್ಬುತ್ತಿರಬೇಕು. ಕಮಾನಿನ ನೆತ್ತಿಯಲ್ಲಿ ಬಿರುಕು ಕಂಡರೆ ಬಹುತೇಕ ಅದರ ಕಾಲುಗಳು ಸರಿದಿವೆಯೆಂದೇ ಅರ್ಥ. ನೆತ್ತಿಗೆ ಗಾರೆ ಮೆತ್ತಿ ಫಲವಿಲ್ಲ, ಬುಡವನ್ನು ನೋಡಬೇಕು.

ಎಲ್ಲ ಕಮಾನುಗಳೂ ನಿಜವಾದ ಕಮಾನುಗಳಲ್ಲವೆಂಬುದನ್ನೂ ಇಲ್ಲಿ ಹೇಳುತ್ತೇವೆ. ಚಪ್ಪಟೆ ಕಲ್ಲುಗಳನ್ನು ಸ್ವಲ್ಪ ಸ್ವಲ್ಪವೇ ಮುಂದೆ ಚಾಚಿ, ಅಂಚನ್ನು ಬಾಗಾಗಿ ಕಡೆದು ಕಮಾನಿನ ರೂಪ ಕೊಟ್ಟಿರುವುದುಂಟು. ಸಂದುಗಳನ್ನು ನೋಡಿದರೆ ಗುಟ್ಟು ತಿಳಿಯುತ್ತದೆ. ಸಂದುಗಳು ನೆಲಕ್ಕೆ ಸಮನಾಗಿ ಮಲಗಿದ್ದರೆ ಅದು ಚಾಚುಗಲ್ಲಿನ ಕೆಲಸ. ಬೀಸಣಿಗೆಯ ಕಡ್ಡಿಗಳಂತೆ ಒಂದು ಬಿಂದುವಿನಿಂದ ಹರಡಿದ್ದರೆ ಅದು ನಿಜವಾದ ಕಮಾನು. ಗಾರೆ ಉದುರಿದ ಜಾಗಗಳು ಕಣ್ಣಿಗೆ ಅಂದವಲ್ಲದಿದ್ದರೂ ಈ ಓದಿಗೆ ಅವೇ ಕಿಟಕಿಗಳು.

ಗಾರೆಯ ಮೇಲಿನ ಶಿಲ್ಪ

ಮಗುವಿನ ಮೊದಲ ಪ್ರಶ್ನೆಗೆ ಉತ್ತರದ ಉಳಿದರ್ಧ ಇಲ್ಲಿದೆ. ಕಣಶಿಲೆಯಲ್ಲಿ ತೆಗೆಯಲಾಗದ ಕುಸುರಿಯನ್ನು ಈ ಕಾಲದವರು ಗಾರೆಯಲ್ಲಿ ತೆಗೆದರು. ಕಲ್ಲಿನಲ್ಲಿ ಶಿಲ್ಪಿ ಬೇಡದ್ದನ್ನು ಕಳೆಯುತ್ತ ಹೋಗುತ್ತಾನೆ. ಗಾರೆಯಲ್ಲಿ ಬೇಕಾದದ್ದನ್ನು ಕೂಡಿಸುತ್ತ ಹೋಗುತ್ತಾನೆ. ಹಸಿ ಗಾರೆಯಲ್ಲಿ ಬೆರಳು, ಕರಣೆಗಳಿಂದಲೇ ಬಳ್ಳಿ, ಹೂವು, ಅಂಚುಪಟ್ಟಿಗಳನ್ನು ಮೂಡಿಸಬಹುದು.

ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ದಿನಗಟ್ಟಲೆ ಕೊಳೆಹಾಕಿ, ಮರಳು ಬೆರೆಸಿ ಗಾಣದಲ್ಲಿ ಅರೆದರೆ ಗಾರೆ. ಬೆಲ್ಲದ ನೀರು, ಅಳಲೆಕಾಯಿಯ ನೀರು ಸೇರಿಸುವ ರೂಢಿಯೂ ನಮ್ಮಲ್ಲಿತ್ತು. ಸಿಮೆಂಟು ನೀರಿನೊಡನೆ ಸೇರಿ ಗಟ್ಟಿಯಾಗುತ್ತದೆ. ಸುಣ್ಣ ಗಾಳಿಯಲ್ಲಿರುವ ಇಂಗಾಲಾಮ್ಲವನ್ನು ಹೀರಿಕೊಂಡು ನಿಧಾನವಾಗಿ ಮತ್ತೆ ಸುಣ್ಣಕಲ್ಲೇ ಆಗುತ್ತದೆ. ದಪ್ಪ ಗೋಡೆಯ ಒಳಗಿನವರೆಗೆ ಆ ಕ್ರಿಯೆ ತಲುಪಲು ವರ್ಷಗಳೇ ಬೇಕು. ಗಾರೆಯಲ್ಲಿ ಸಣ್ಣ ರಂಧ್ರಗಳಿರುವುದರಿಂದ ಒಳಗೆ ಸೇರಿದ ತೇವ ಆವಿಯಾಗಿ ಹೊರಬರುತ್ತದೆ. ನೀರಿನ ನಡುವಿನ ಮಂಟಪಕ್ಕೆ ಇದು ಪ್ರಾಣದಂತೆ. ಅದರ ಮೇಲೆ ಸಿಮೆಂಟು ಬಳಿದರೆ ತೇವ ಒಳಗೇ ಉಳಿಯುತ್ತದೆ. ತೇವದೊಡನೆ ಬಂದ ಉಪ್ಪು ಸಿಮೆಂಟಿನ ಹಿಂದೆ ಹರಳುಗಟ್ಟಿ ಹಳೆಯ ಗಾರೆಯನ್ನೂ ಇಟ್ಟಿಗೆಯನ್ನೂ ಪುಡಿಮಾಡುತ್ತದೆ. ಬಿಳಿಯ ಪುಡಿ ಉದುರುವುದು, ತಟ್ಟಿದಾಗ ಟೊಳ್ಳು ಸದ್ದು ಬರುವುದು ಇದರ ಲಕ್ಷಣ.

ಗಾರೆಯ ಶಿಲ್ಪಕ್ಕೆ ಇರುವ ಮಿತಿಯನ್ನೂ ಹೇಳಬೇಕು. ಅದು ಕಲ್ಲಿನಷ್ಟು ಬಾಳುವುದಿಲ್ಲ. ಹರಿಹರದಲ್ಲಿಯೂ ಗರ್ಭಗುಡಿಯ ಮೇಲಿನ ಮೂಲ ಶಿಖರ ಉಳಿದಿಲ್ಲ. ಈಗಿರುವ ಗಾರೆಯ ಶಿಖರ ಆಮೇಲಿನದು. ಕೆಳಗಿನ ಮಂಟಪದ ಬಳಪದ ಕಲ್ಲು ಮಾತ್ರ ಎಂಟು ನೂರು ವರ್ಷಗಳಾಚೆಗಿನ ಉಳಿಯ ಗುರುತನ್ನು ಇಂದಿಗೂ ತೋರಿಸುತ್ತದೆ. ಆದರೆ ಆ ಕಲ್ಲಿಗೂ ಅದರದೇ ಅಪಾಯವಿದೆ. ಉಳಿಗೆ ಸುಲಭವಾಗಿ ಒಲಿದ ಕಲ್ಲು ಮೊಳೆಗೂ ನಾಣ್ಯಕ್ಕೂ ಅಷ್ಟೇ ಸುಲಭವಾಗಿ ಒಲಿಯುತ್ತದೆ. ಕಂಬದ ಮೇಲೆ ಹುಡುಗರು ಗೀರುವ ಒಂದು ಹೆಸರನ್ನು ಮತ್ತೆ ಅಳಿಸುವ ಉಪಾಯವಿಲ್ಲ. ಅಳಿಸಲು ಉಜ್ಜಿದರೆ ಶಿಲ್ಪವೇ ಸವೆಯುತ್ತದೆ. ಸಂತೇಬೆನ್ನೂರಿನ ಗಾರೆಯ ವಿಷಯವೂ ಹಾಗೆಯೇ. ಒಂದು ಬಳ್ಳಿ ಉದುರಿದರೆ ಅದನ್ನು ಹಿಂದಿನಂತೆಯೇ ಮೂಡಿಸಬಲ್ಲ ಗಾರೆಯ ಕೆಲಸಗಾರರು ಈಗ ಬೆರಳೆಣಿಕೆಯಷ್ಟು.

ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷಗಳವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಲು 1958ರ ಕಾಯಿದೆಗೆ 2010ರಲ್ಲಿ ಆದ ತಿದ್ದುಪಡಿ ಅವಕಾಶ ಕೊಟ್ಟಿದೆ. ಸ್ಮಾರಕದ ಸುತ್ತ 100 ಮೀಟರು ಹೊಸ ಕಟ್ಟಡಕ್ಕೆ ನಿಷಿದ್ಧ. ಅದರಾಚೆಯ 200 ಮೀಟರಿನಲ್ಲಿ ಅನುಮತಿ ಪಡೆದೇ ಕಟ್ಟಬೇಕು. ಹೊಂಡದ ಸಮೀಪ ಮನೆ, ನಿವೇಶನ ಇರುವ ಭಕ್ತರು ಅಡಿಪಾಯ ತೋಡುವ ಮುನ್ನವೇ ಇದನ್ನು ವಿಚಾರಿಸಿಕೊಳ್ಳುವುದು ಒಳಿತು. ನೋಡಲು ಹೋಗುವ ಕುಟುಂಬಗಳು ಬೇಸಗೆಯಲ್ಲಿ, ನೀರು ತಗ್ಗಿದಾಗ, ಬೆಳಗಿನ ಹೊತ್ತು ಹೋಗುವುದು ಉತ್ತಮ. ಎಳೆಬಿಸಿಲು ಓರೆಯಾಗಿ ಬೀಳುವಾಗ ಕಲ್ಲಿನ ಮೇಲಿನ ಉಳಿಯ ಗುರುತು, ಗಾರೆಯ ಉಬ್ಬು, ಸೋಪಾನದ ಬಾಗು ಮೂರೂ ಸ್ಪಷ್ಟವಾಗಿ ಕಾಣುತ್ತವೆ. ನಡುಹಗಲಿನ ಬಿಸಿಲಿನಲ್ಲಿ ಅವೆಲ್ಲ ಮರೆಯಾಗುತ್ತವೆ. ಪಾಚಿ ಕಟ್ಟಿದ ಕೆಳಗಿನ ಮೆಟ್ಟಿಲುಗಳಿಗೆ ಮಕ್ಕಳನ್ನು ಇಳಿಸಬಾರದು. ಅಳತೆಗೊಂದು ಟೇಪು ಜೊತೆಗಿದ್ದರೆ ಮಕ್ಕಳು ತಾವೇ ಕಲ್ಲಿನ ಲೆಕ್ಕ ಹಾಕಬಲ್ಲರು. ಒಂದು ಘನ ಅಡಿಗೆ 75 ಕಿಲೋ ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು.